ಆಸ್ಟ್ರೇಲಿಯಾದ ಟೇಬಲ್ ಚಮಚ ಸ್ವಲ್ಪ ದೊಡ್ಡದು

ಆನ್ಜ್ಯಾಕ್ ಬಿಸ್ಕತ್ತಿಗೆ ಮೊಟ್ಟೆ ಬೇಡ. ಮೆಲ್ಬರ್ನ್, ಸಿಡ್ನಿಗಳಲ್ಲಿರುವ ನಮ್ಮವರು ಊರಿಗೆ ಕಳಿಸುವ ಬೇಕಿಂಗ್ ರೆಸಿಪಿಗಳಲ್ಲಿ ಇದೂ ಒಂದಾಗಿರುವುದಕ್ಕೆ ಅದೇ ದೊಡ್ಡ ಕಾರಣವಿರಬೇಕು. ಓಟ್ಸ್, ಮೈದಾ, ಸಕ್ಕರೆ ಒಂದೊಂದು ಕಪ್, ಒಣಕೊಬ್ಬರಿ ತುರಿ ಮುಕ್ಕಾಲು ಕಪ್, ಬೆಣ್ಣೆ 125 ಗ್ರಾಂ. ಜೊತೆಗೆ ಎರಡು ಟೇಬಲ್ ಚಮಚ ಗೋಲ್ಡನ್ ಸಿರಪ್, ಒಂದು ಟೀ ಚಮಚ ಅಡುಗೆ ಸೋಡಾ, ಎರಡು ಟೇಬಲ್ ಚಮಚ ಕುದಿಯುವ ನೀರು. ಮನೆಮನೆಗೆ ಅಳತೆ ಅಷ್ಟಿಷ್ಟು ಬದಲಾದರೂ ಸಾಮಾನ್ಯ ಲೆಕ್ಕ ಇದು. ಮೊದಲ ಮಹಾಯುದ್ಧದಲ್ಲಿ ಹೋರಾಡಿದ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ಸೈನಿಕರ ಹೆಸರು ಹೊತ್ತ ಬಿಸ್ಕತ್ತು. ಏಪ್ರಿಲ್ 25ರ ಸ್ಮರಣೆಯ ದಿನಕ್ಕೆ ಎರಡೂ ದೇಶಗಳಲ್ಲಿ ಮಾಡುತ್ತಾರೆ. ಮೊದಲು ಮಾಡಿದವರು ಯಾರೆಂಬ ಜಗಳ ಅವರಿಬ್ಬರ ನಡುವೆ ಇನ್ನೂ ಮುಗಿದಿಲ್ಲ.

ಆದರೆ ಆ ಇಬ್ಬರ ಟೇಬಲ್ ಚಮಚವೂ ಒಂದೇ ಅಲ್ಲ. ನ್ಯೂಜಿಲೆಂಡಿನದು 15 ಮಿಲಿಲೀಟರ್, ಆಸ್ಟ್ರೇಲಿಯಾದ್ದು 20. ಅಮೆರಿಕದ ಚಮಚ ಲೆಕ್ಕ ಹಾಕಿದರೆ 14.8 ಬರುತ್ತದೆ, ಅಡುಗೆಗೆ 15 ಅಂದರೆ ಸಾಕು. ಬ್ರಿಟನ್, ಕೆನಡಾ, ಜಪಾನ್‌ಗಳಲ್ಲೂ ಈಗ 15ರದ್ದೇ ಬಳಕೆ. ನಮ್ಮ ಅಂಗಡಿಗಳಲ್ಲಿ ಸಿಗುವ ಪ್ಲಾಸ್ಟಿಕ್ ಅಥವಾ ಸ್ಟೀಲಿನ ಅಳತೆ ಚಮಚದ ಗೊಂಚಲುಗಳಲ್ಲಿ ಸಾಮಾನ್ಯವಾಗಿ ಇರುವುದೂ 15ರ ಚಮಚವೇ. ಹೊರಗುಳಿದದ್ದು ಆಸ್ಟ್ರೇಲಿಯಾ ಮಾತ್ರ ಎಂದರೂ ನಡೆಯುತ್ತದೆ. ಟೀ ಚಮಚ ಮಾತ್ರ ಇವೆಲ್ಲ ಕಡೆ 5 ಮಿಲಿಲೀಟರಿನ ಆಸುಪಾಸಿನಲ್ಲೇ ಇದೆ. ಹಾಗಾಗಿ ಬೇರೆ ಕಡೆ ಮೂರು ಟೀ ಚಮಚಕ್ಕೆ ಒಂದು ಟೇಬಲ್ ಚಮಚವಾದರೆ, ಆಸ್ಟ್ರೇಲಿಯಾದಲ್ಲಿ ನಾಲ್ಕಕ್ಕೆ ಒಂದು.

ಈ ನಾಲ್ಕರ ಲೆಕ್ಕವನ್ನು ಆಸ್ಟ್ರೇಲಿಯಾದವರು ಹೊಸದಾಗಿ ಹುಟ್ಟಿಸಿಕೊಂಡದ್ದಲ್ಲ. ಬ್ರಿಟನ್ನಿನ ಹಳೆಯ ಔಷಧದ ಅಳತೆಯಲ್ಲೂ ನಾಲ್ಕು ಟೀ ಚಮಚ ಸೇರಿದರೆ ಒಂದು ಟೇಬಲ್ ಚಮಚ. ಆಗಿನ ಟೀ ಚಮಚ ಮೂರೂವರೆ ಮಿಲಿಲೀಟರ್ ಹಿಡಿಯುವಷ್ಟು ಪುಟ್ಟದಾಗಿತ್ತು, ಅಷ್ಟೇ.

ಮತ್ತೆ ಬಿಸ್ಕತ್ತಿಗೆ ಬರೋಣ. ಆಸ್ಟ್ರೇಲಿಯಾದ ರೆಸಿಪಿಯನ್ನು ಬೆಂಗಳೂರಿನಲ್ಲಿ ಕೊಂಡ 15ರ ಚಮಚದಲ್ಲಿ ಅಳೆದರೆ ಸಿರಪ್ 40ರ ಬದಲು 30 ಮಿಲಿಲೀಟರ್ ಬೀಳುತ್ತದೆ. ನೀರೂ ಹಾಗೆಯೇ. ಒಟ್ಟು 20 ಮಿಲಿಲೀಟರ್, ಅಂದರೆ ನಾಲ್ಕು ಟೀ ಚಮಚ ದ್ರವ ಖೋತಾ. ಎಲ್ಲವೂ ಒಂದೇ ಪ್ರಮಾಣದಲ್ಲಿ ಕಡಿಮೆಯಾಗಿದ್ದರೆ ನಾಲ್ಕು ಬಿಸ್ಕತ್ತು ಕಡಿಮೆ ಬರುತ್ತಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಇಲ್ಲಿ ಹಾಗಾಗುವುದಿಲ್ಲ. ಬೆಣ್ಣೆಯನ್ನು ಗ್ರಾಂ ಲೆಕ್ಕದಲ್ಲಿ ತೂಗಿದ್ದೀರಿ, ಅದು ಅಷ್ಟೇ ಇದೆ. ಸೋಡಾ ಟೀ ಚಮಚದಲ್ಲಿ ಬಂದಿದೆ, ಅದೂ ಅಷ್ಟೇ ಇದೆ. ಮೈದಾ, ಓಟ್ಸ್‌ಗಳ ಕಪ್ಪು ಅಲ್ಲಿ 250 ಮಿಲಿಲೀಟರ್, ಇಲ್ಲಿ 240 ಅಥವಾ 250. ಅದೇನೂ ದೊಡ್ಡ ವ್ಯತ್ಯಾಸವಲ್ಲ. ಕಾಲು ಭಾಗ ತಗ್ಗಿದ್ದು ಹಿಟ್ಟನ್ನು ಹಿಡಿದಿಡಬೇಕಾದ ಪಾಕ ಮತ್ತು ನೀರು ಮಾತ್ರ.

ಮೊಟ್ಟೆ ಇಲ್ಲದ ಹಿಟ್ಟಿನಲ್ಲಿ ಇದು ಬೇಗ ಕಣ್ಣಿಗೆ ಬೀಳುತ್ತದೆ. ಬೆಣ್ಣೆ, ಸಿರಪ್ಪನ್ನು ಕರಗಿಸಿ, ಸೋಡಾ ಕದಡಿದ ಬಿಸಿನೀರು ಸುರಿದಾಗ ಬಾಣಲೆಯಲ್ಲಿ ನೊರೆ ಬುಸ್ಸೆಂದು ಉಕ್ಕಿ ಬರಬೇಕು. ಅದನ್ನು ಓಟ್ಸ್ ಮಿಶ್ರಣಕ್ಕೆ ಹಾಕಿ ಕಲಸಿ, ಒಂದು ಹಿಡಿ ತೆಗೆದು ಅಂಗೈಯಲ್ಲಿ ಒತ್ತಿ. ಹದ ಸರಿ ಇದ್ದರೆ ಉಂಡೆ ನಿಲ್ಲುತ್ತದೆ, ಬೆರಳಿಗೆ ಸ್ವಲ್ಪ ಅಂಟುತ್ತದೆ. ದ್ರವ ಸಾಲದಿದ್ದರೆ ಉದುರುದುರಾಗಿ, ಅಂಚಿನಲ್ಲಿ ಬಿರಿಯುತ್ತದೆ. ಹಟ ಮಾಡಿ ಒತ್ತಿ ಉಂಡೆ ಕಟ್ಟಿ ಟ್ರೇಯಲ್ಲಿಟ್ಟರೂ ಓವನ್ನಿನಲ್ಲಿ ಅದು ಹರಡುವುದಿಲ್ಲ, ಗುಡ್ಡೆಯಾಗಿಯೇ ಬೇಯುತ್ತದೆ. ಆನ್ಜ್ಯಾಕ್‌ಗೆ ಇರಬೇಕಾದ ಜಗಿಯುವ ಗುಣ ಬರುವುದಿಲ್ಲ, ಮುರಿದರೆ ಪುಡಿ. ಸಿರಪ್ಪಿನಲ್ಲಿರುವ ಅಲ್ಪಸ್ವಲ್ಪ ಹುಳಿಯಂಶವೂ ಕಡಿಮೆಯಾದ್ದರಿಂದ ಸೋಡಾ ಇನ್ನಷ್ಟು ಉಳಿದುಕೊಂಡು, ಬಣ್ಣ ಬೇಗ ಕಪ್ಪಾಗುತ್ತದೆ, ನಾಲಿಗೆಯ ತುದಿಗೆ ಸೋಪಿನ ರುಚಿ ತಾಗುತ್ತದೆ. ಓವನ್ ಸರಿ ಇಲ್ಲ ಎಂದು ಬೈದುಕೊಳ್ಳುವವರೇ ಹೆಚ್ಚು. ಚಮಚದ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ.

ಸರಿಪಡಿಸುವುದು ಸುಲಭ. ಆಸ್ಟ್ರೇಲಿಯಾದ ರೆಸಿಪಿಯಲ್ಲಿ ಒಂದು ಟೇಬಲ್ ಚಮಚ ಎಂದಿದ್ದಾಗಲೆಲ್ಲ ನಿಮ್ಮ ಟೇಬಲ್ ಚಮಚದ ಜೊತೆ ಒಂದು ಟೀ ಚಮಚ ಸೇರಿಸಿ. ಕಲಸಿದ ಮೇಲೆ ಗೊತ್ತಾದರೂ ಚಿಂತೆಯಿಲ್ಲ, ಬಿಸಿನೀರನ್ನು ಒಂದೊಂದೇ ಟೀ ಚಮಚ ಹಾಕುತ್ತ ಉಂಡೆ ನಿಲ್ಲುವವರೆಗೆ ನೋಡಿ. ಪಾಕದ ಕೊರತೆ ಅದರಿಂದ ತುಂಬುವುದಿಲ್ಲ, ಬಿಸ್ಕತ್ತಂತೂ ಉಳಿಯುತ್ತದೆ. ಗೋಲ್ಡನ್ ಸಿರಪ್ ಸಿಗದೆ ಮಲೆನಾಡಿನ ಜೋನಿ ಬೆಲ್ಲ ಹಾಕುವುದಾದರೆ ರುಚಿಯೇ ಬೇರೆ, ನನಗೆ ಅದೇ ಮೇಲು ಅನ್ನಿಸುತ್ತದೆ. ಆದರೆ ಜೋನಿ ತೆಳ್ಳಗಿದ್ದರೆ ನೀರನ್ನು ಸ್ವಲ್ಪ ಹಿಂದೆ ಹಿಡಿಯಬೇಕು.

ತಿರುಗುಮುರುಗಾದಾಗ ಅಪಾಯ ಹೆಚ್ಚು. ಎರಡು ಕಪ್ ಮೈದಾಕ್ಕೆ ಒಂದು ಟೇಬಲ್ ಚಮಚ ಬೇಕಿಂಗ್ ಪೌಡರ್ ಕೇಳುವ ಅಮೆರಿಕದ ಪ್ಯಾನ್‌ಕೇಕ್ ರೆಸಿಪಿಗಳು ಎಷ್ಟೋ ಇವೆ. ಅದನ್ನು ಸಿಡ್ನಿಯಲ್ಲಿ ಕೊಂಡ ಚಮಚದಲ್ಲಿ ಅಳೆದರೆ ಮೂರು ಟೀ ಚಮಚದ ಜಾಗದಲ್ಲಿ ನಾಲ್ಕು ಬೀಳುತ್ತದೆ. ಗುಳ್ಳೆಗಳು ಬೇಕಾದದ್ದಕ್ಕಿಂತ ದೊಡ್ಡದಾಗಿ, ಹಿಟ್ಟು ಗಟ್ಟಿಯಾಗುವ ಮೊದಲೇ ಒಡೆಯುತ್ತವೆ. ಕೇಕಿನಲ್ಲಾದರೆ ಓವನ್ನಿನಲ್ಲಿ ಉಬ್ಬಿ ನಿಂತದ್ದು ಹೊರಬರುವಷ್ಟರಲ್ಲಿ ನಡುವೆ ಕುಸಿದಿರುತ್ತದೆ, ಬಾಯಿಗೆ ಒಗರು ಕಹಿ. ಉಪ್ಪು, ಯೀಸ್ಟ್, ಕಾರ್ನ್‌ಫ್ಲೋರ್, ಜೆಲಟಿನ್ ಇವುಗಳ ಸ್ವಭಾವವೂ ಇದೇ, ಸ್ವಲ್ಪದರಲ್ಲೇ ಹದ ಮಾರಿಹೋಗುತ್ತದೆ. ಕೋಕೋ ಪುಡಿಯೋ ಜಾಮೋ ಒಂದು ಚಮಚ ಆಚೀಚೆಯಾದರೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ರೆಸಿಪಿ ಯಾವ ದೇಶದ್ದೆಂದು ಹೇಗೆ ತಿಳಿಯುವುದು? ಆಲ್ ಪರ್ಪಸ್ ಫ್ಲೋರ್, ಸ್ಟಿಕ್ ಲೆಕ್ಕದ ಬೆಣ್ಣೆ, ಫ್ಯಾರನ್‌ಹೀಟ್ ಬಿಸಿ ಕಂಡರೆ ಅಮೆರಿಕ, ಚಮಚ 15. ಪ್ಲೇನ್ ಫ್ಲೋರ್, ಸೆಲ್ಫ್ ರೈಸಿಂಗ್ ಫ್ಲೋರ್, ಕ್ಯಾಸ್ಟರ್ ಶುಗರ್, ಸೆಲ್ಸಿಯಸ್ ಇದ್ದರೆ ಬ್ರಿಟನ್, ನ್ಯೂಜಿಲೆಂಡ್, ಆಸ್ಟ್ರೇಲಿಯಾ ಮೂರರಲ್ಲಿ ಯಾವುದೂ ಆಗಬಹುದು. ಇಲ್ಲೇ ತೊಡಕು. ಆಸ್ಟ್ರೇಲಿಯಾದ ವಿಮೆನ್ಸ್ ವೀಕ್ಲಿ ಅಡುಗೆ ಪುಸ್ತಕಗಳಲ್ಲಿ ತಮ್ಮ ಚಮಚ 20 ಮಿಲಿಲೀಟರ್ ಎಂದು ಅಳತೆಯ ಪುಟದಲ್ಲಿ ಹೇಳಿಯೇ ಇರುತ್ತಾರೆ. ಆದರೆ ವಾಟ್ಸಾಪಿನಲ್ಲಿ ಬರುವ ರೆಸಿಪಿಯ ಜೊತೆ ಆ ಪುಟ ಬರುವುದಿಲ್ಲ. ಕಳಿಸಿದವರನ್ನೇ ಕೇಳುವುದು ವಾಸಿ, ಅದೂ "ಎಷ್ಟು ಚಮಚ" ಎಂದಲ್ಲ, "ನಿಮ್ಮ ಚಮಚದ ಹಿಡಿಯ ಮೇಲೆ ಎಷ್ಟು ಮಿಲಿಲೀಟರ್ ಅಂತ ಬರೆದಿದೆ" ಎಂದು.

ಹಿಡಿಯ ಮೇಲೆ ಏನೂ ಬರೆಯದ ಚಮಚವಾದರೆ ಮಕ್ಕಳ ಔಷಧದ ಜೊತೆ ಬರುವ ಗೆರೆ ಹಾಕಿದ ಪುಟ್ಟ ಪ್ಲಾಸ್ಟಿಕ್ ಲೋಟ ಸಾಕು. ಚಮಚ ತುಂಬ ನೀರನ್ನು ಅದಕ್ಕೆ ಸುರಿದು ಗೆರೆ ನೋಡಿದರೆ ಉತ್ತರ ಸಿಗುತ್ತದೆ. ಮನೆಯಲ್ಲಿ ಬಡಿಸಲು, ಊಟಕ್ಕೆ ಇಟ್ಟುಕೊಂಡ ಚಮಚಗಳನ್ನೂ ಹೀಗೆ ಅಳೆದು ನೋಡಿ. ಒಂದಕ್ಕೊಂದು ತಾಳೆಯಾಗುವುದಿಲ್ಲ, ಅವು ಅಳತೆಗೆಂದು ಮಾಡಿದವೇ ಅಲ್ಲ. ಇನ್ನು ಒಣ ಪದಾರ್ಥವನ್ನು ಚಮಚದ ತುಂಬ ತೆಗೆದು ಚಾಕುವಿನ ಬೆನ್ನಿನಿಂದ ಮಟ್ಟಸ ಮಾಡಬೇಕು. 1896ರಲ್ಲಿ ಬಾಸ್ಟನ್ನಿನ ಅಡುಗೆ ಶಾಲೆಯ ಪುಸ್ತಕ ಬರೆದ ಫ್ಯಾನಿ ಫಾರ್ಮರ್ ಹಟ ಹಿಡಿದು ಹೇಳಿದ್ದು ಇದನ್ನೇ. ಗೋಪುರದ ಹಾಗೆ ತುಂಬಿದ 15ರ ಚಮಚದಲ್ಲಿ ಮಟ್ಟಸವಾದ 20ರ ಚಮಚಕ್ಕಿಂತ ಹೆಚ್ಚು ಬೇಕಿಂಗ್ ಪೌಡರ್ ಕೂತಿರಬಹುದು.