ಕುದಿನೀರಿನ ಎರಡು ಕ್ರಿಯೆಗಳು: ಬ್ಲಾಂಚಿಂಗ್ ಮತ್ತು ಪಾರ್‌ಬಾಯಿಲಿಂಗ್

ಪಾಕವಿಧಾನವು ಸೂಚನಾ ಬರಹದ ಒಂದು ರೂಪ. ಅದರಲ್ಲಿನ ಪ್ರತಿಯೊಂದು ಕ್ರಿಯಾಪದವೂ ಓದುಗನ ಕೈಯಿಂದ ಒಂದು ನಿರ್ದಿಷ್ಟ ಕೆಲಸವನ್ನು ಮಾಡಿಸುತ್ತದೆ. ಆದುದರಿಂದ ಇಂಗ್ಲಿಷಿನ ಪಾಕವಿಧಾನವನ್ನು ಕನ್ನಡಕ್ಕೆ ತರುವ ಅಭ್ಯಾಸದಲ್ಲಿ ನಾಮಪದಗಳಿಗಿಂತ ಕ್ರಿಯಾಪದಗಳೇ ಹೆಚ್ಚಿನ ಎಚ್ಚರವನ್ನು ಬೇಡುತ್ತವೆ. ಅಂಥ ಎರಡು ಪದಗಳು ಬ್ಲಾಂಚಿಂಗ್ ಮತ್ತು ಪಾರ್‌ಬಾಯಿಲಿಂಗ್. ಎರಡರಲ್ಲಿಯೂ ತರಕಾರಿ ಸ್ವಲ್ಪ ಕಾಲ ಬಿಸಿನೀರಿನಲ್ಲಿ ಇರುವುದರಿಂದ ಎರಡಕ್ಕೂ 'ಅರ್ಧ ಬೇಯಿಸಿ' ಎಂದು ಬರೆದುಬಿಡುವುದು ಸುಲಭ. ಹಾಗೆ ಬರೆದರೆ ವಾಕ್ಯದಲ್ಲಿ ದೋಷ ಕಾಣಿಸುವುದಿಲ್ಲ. ದೋಷವು ಬಾಣಲೆಯಲ್ಲಿ ಕಾಣಿಸುತ್ತದೆ.

ಪದಗಳ ಮೂಲ

ಈ ಎರಡು ಪದಗಳೂ ಹಳೆಯ ಫ್ರೆಂಚ್ ಭಾಷೆಯ ಮೂಲಕ ಇಂಗ್ಲಿಷಿಗೆ ಬಂದವು. ಎರಡರ ಮೂಲಾರ್ಥವೂ ಇಂದಿನ ಅರ್ಥಕ್ಕೆ ನೇರವಾಗಿ ಹೊಂದುವುದಿಲ್ಲ. 'ಬ್ಲಾಂಚ್' ಎಂಬುದರ ಮೂಲಾರ್ಥ 'ಬಿಳಿದಾಗಿಸು' ಎಂದು. ಬಾದಾಮಿಯನ್ನು ಕುದಿನೀರಿಗೆ ಹಾಕಿ ಕಂದು ಸಿಪ್ಪೆಯನ್ನು ಕಳಚಿದಾಗ ಒಳಗಿನ ಬೀಜ ಬಿಳಿಯಾಗಿ ಹೊರಬರುವುದರಲ್ಲಿ ಈ ಅರ್ಥವು ಇನ್ನೂ ಉಳಿದಿದೆ. ಆದರೆ ಹಸಿರು ತರಕಾರಿಯ ವಿಷಯದಲ್ಲಿ ಅದೇ ಪದವು ಹಸಿರನ್ನು ಉಳಿಸುವ ಕ್ರಿಯೆಯನ್ನು ಹೇಳುತ್ತದೆ.

'ಪಾರ್‌ಬಾಯಿಲ್' ಪದದ ಕಥೆ ಇನ್ನೂ ವಿಚಿತ್ರವಾದುದು. ಅದರ ಲ್ಯಾಟಿನ್ ಮೂಲಕ್ಕೆ 'ಚೆನ್ನಾಗಿ, ಪೂರ್ತಿಯಾಗಿ ಕುದಿಸು' ಎಂಬ ಅರ್ಥವಿತ್ತು. ಇಂಗ್ಲಿಷ್ ಮಾತಾಡುವವರು ಮೊದಲ ಭಾಗವನ್ನು 'ಪಾರ್ಟ್', ಅಂದರೆ 'ಭಾಗ', ಎಂದು ಭಾವಿಸಿದ್ದರಿಂದ ಕ್ರಮೇಣ ಅರ್ಥವೇ ತಿರುಗಿ 'ಭಾಗಶಃ ಬೇಯಿಸು' ಎಂದಾಯಿತು. ಆದುದರಿಂದ ನಿಘಂಟಿನ ವ್ಯುತ್ಪತ್ತಿಯನ್ನು ನೋಡಿ ಈ ಪದಗಳನ್ನು ಅನುವಾದಿಸಲಾಗದು. ಅಡುಗೆಮನೆಯಲ್ಲಿ ನಡೆಯುವ ಕ್ರಿಯೆಯನ್ನೇ ನೋಡಬೇಕು.

ಬ್ಲಾಂಚಿಂಗ್: ಅದ್ದಿ ತಣಿಸುವುದು

ಬ್ಲಾಂಚಿಂಗ್ ಎಂದರೆ ತರಕಾರಿಯನ್ನು ಬಿರುಸಾಗಿ ಕುದಿಯುವ ನೀರಿನಲ್ಲಿ ಅಲ್ಪಕಾಲ ಅದ್ದಿ, ಕೂಡಲೇ ತಣ್ಣೀರಿಗೆ ಹಾಕಿ ಬೇಯುವಿಕೆಯನ್ನು ನಿಲ್ಲಿಸುವುದು. ಇದರಲ್ಲಿ ಎರಡು ಹೆಜ್ಜೆಗಳಿವೆ. ಎರಡನೆಯದನ್ನು ಬಿಟ್ಟರೆ ಕ್ರಿಯೆ ಪೂರ್ಣವಾಗುವುದಿಲ್ಲ. ನೀರಿನಿಂದ ಹೊರತೆಗೆದ ಬಳಿಕವೂ ತರಕಾರಿಯೊಳಗಿನ ಬಿಸಿ ಅದನ್ನು ಬೇಯಿಸುತ್ತಲೇ ಇರುತ್ತದೆ.

ಇಲ್ಲಿ ತರಕಾರಿಯನ್ನು ಬೇಯಿಸುವುದು ಉದ್ದೇಶವಲ್ಲ. ಸಿಪ್ಪೆಯನ್ನು ಸಡಿಲಿಸುವುದು, ಹಸಿ ವಾಸನೆಯನ್ನು ತಗ್ಗಿಸುವುದು, ಬಣ್ಣವನ್ನು ಹಿಡಿದಿಡುವುದು ಇದರ ಉದ್ದೇಶ. ಹುರುಳಿಕಾಯಿಯನ್ನು, ಅಂದರೆ ಬೀನ್ಸನ್ನು, ಕುದಿನೀರಿಗೆ ಹಾಕಿದ ಅರೆನಿಮಿಷದಲ್ಲಿಯೇ ಅದರ ಹಸಿರು ಥಟ್ಟನೆ ಗಾಢವಾಗುತ್ತದೆ. ಜೀವಕೋಶಗಳ ನಡುವೆ ಇದ್ದ ಗಾಳಿ ಹೊರಬಿದ್ದು ಒಳಗಿನ ಹಸಿರು ಸ್ಪಷ್ಟವಾಗಿ ಕಾಣಿಸುವುದೇ ಇದಕ್ಕೆ ಕಾರಣ. ಆದರೆ ಬಿಸಿ ಇನ್ನೂ ಮುಂದುವರಿದರೆ ತರಕಾರಿಯಲ್ಲಿನ ಆಮ್ಲಗಳು ಪತ್ರಹರಿತ್ತಿನ ಮೇಲೆ ವರ್ತಿಸುತ್ತವೆ; ಅದರೊಳಗಿನ ಮೆಗ್ನೀಸಿಯಂ ಕಳಚಿಹೋಗಿ ಹಸಿರು ಮಾಸಲು ಕಂದು ಹಸಿರಾಗುತ್ತದೆ. ಮೊದಲ ಬದಲಾವಣೆಯಾದ ಮೇಲೆ ಮತ್ತು ಎರಡನೆಯದು ಆರಂಭವಾಗುವ ಮೊದಲು ತರಕಾರಿಯನ್ನು ಹೊರತೆಗೆಯುವುದರಲ್ಲಿಯೇ ಬ್ಲಾಂಚಿಂಗ್‌ನ ಗುಟ್ಟು ಅಡಗಿದೆ. ಪಾತ್ರೆಯ ಬಾಯಿಯನ್ನು ಮುಚ್ಚಬಾರದು ಎನ್ನುವುದೂ ಇದಕ್ಕಾಗಿಯೇ. ಹಬೆಯೊಂದಿಗೆ ಸ್ವಲ್ಪ ಆಮ್ಲವೂ ಹೊರಹೋಗಬೇಕು.

ತರಕಾರಿಯನ್ನು ಶೀತಕದಲ್ಲಿ ತಿಂಗಳುಗಟ್ಟಲೆ ಕೂಡಿಡುವವರು ಬ್ಲಾಂಚಿಂಗ್ ಮಾಡುವುದಕ್ಕೆ ಇನ್ನೊಂದು ಕಾರಣವಿದೆ. ತರಕಾರಿಯೊಳಗಿನ ಕಿಣ್ವಗಳು ಹೆಪ್ಪುಗಟ್ಟಿದ ಸ್ಥಿತಿಯಲ್ಲಿಯೂ ನಿಧಾನವಾಗಿ ಕೆಲಸಮಾಡಿ ಬಣ್ಣವನ್ನೂ ರುಚಿಯನ್ನೂ ಕೆಡಿಸುತ್ತವೆ. ಕುದಿನೀರು ಅವನ್ನು ನಿಲ್ಲಿಸುತ್ತದೆ. ಇದಕ್ಕೆ ಹುರುಳಿಕಾಯಿಗೆ 3 ನಿಮಿಷ, ಹಸಿ ಬಟಾಣಿಗೆ ಒಂದೂವರೆ ನಿಮಿಷ ಸಾಕು. ಅದಕ್ಕಿಂತ ಕಡಿಮೆಯಾದರೆ ಕಿಣ್ವಗಳು ನಿಲ್ಲುವ ಬದಲು ಚುರುಕಾಗುತ್ತವೆ. ಅಂಥ ತರಕಾರಿ ಬ್ಲಾಂಚ್ ಮಾಡದೆ ಇಟ್ಟದ್ದಕ್ಕಿಂತಲೂ ಬೇಗ ಕೆಡಬಹುದು.

ಪಾರ್‌ಬಾಯಿಲಿಂಗ್: ಅರೆಬೇಯಿಸುವುದು

ಪಾರ್‌ಬಾಯಿಲಿಂಗ್ ನಿಜವಾಗಿಯೂ ಬೇಯಿಸುವ ಕ್ರಿಯೆ. ಆದರೆ ಅದನ್ನು ನಡುವೆ ನಿಲ್ಲಿಸಿ ಉಳಿದ ಭಾಗವನ್ನು ಇನ್ನೊಂದು ವಿಧಾನಕ್ಕೆ ಬಿಡಲಾಗುತ್ತದೆ. ಆಲೂಗಡ್ಡೆಯಂಥ ಗಟ್ಟಿ ಗೆಡ್ಡೆಯನ್ನು ನೇರವಾಗಿ ಎಣ್ಣೆಯಲ್ಲಿ ಹುರಿದರೆ ಹೊರಗೆ ಕಂದುಬಣ್ಣ ಬರುವ ಹೊತ್ತಿಗೆ ಒಳಗೆ ಬಿಸಿ ಮುಟ್ಟಿರುವುದಿಲ್ಲ. ಮೊದಲು ನೀರಿನಲ್ಲಿ ಅರೆಬೇಯಿಸಿಕೊಂಡರೆ ಹುರಿಯುವಾಗ ಎರಡೂ ಒಟ್ಟಿಗೆ ಹದಕ್ಕೆ ಬರುತ್ತವೆ.

ಗೆಡ್ಡೆಗಳನ್ನು ಸಾಮಾನ್ಯವಾಗಿ ತಣ್ಣೀರಿಗೇ ಹಾಕಿ ಒಲೆಯ ಮೇಲಿಡುತ್ತಾರೆ. ಕುದಿನೀರಿಗೆ ಹಾಕಿದರೆ ನಡುಭಾಗಕ್ಕೆ ಬಿಸಿ ತಲುಪುವ ಮೊದಲೇ ಹೊರಭಾಗ ಕರಗಲಾರಂಭಿಸುತ್ತದೆ. ಬಸಿದ ಮೇಲೆ ಮತ್ತೆ ತಣ್ಣೀರಿಗೆ ಹಾಕುವ ಅಗತ್ಯವೂ ಇಲ್ಲ. ಹುರಿಯುವ ಉದ್ದೇಶವಿದ್ದರೆ ಹಾಕಲೂಬಾರದು. ಬಿಸಿ ಹೋಳುಗಳಿಂದ ಹಬೆ ಏಳುತ್ತ ಮೇಲ್ಮೈ ಒಣಗಿದರೆ ಮಾತ್ರ ಅವು ಎಣ್ಣೆಯಲ್ಲಿ ಗರಿಯಾಗುತ್ತವೆ.

ಒಂದು ನಿದರ್ಶನ

ಎರಡೂ ಕ್ರಿಯೆಗಳು ಬರುವ ಒಂದು ಸರಳ ಪಲ್ಯವನ್ನು ನೋಡಬಹುದು. ಅರ್ಧ ಕಿಲೋ ಆಲೂಗಡ್ಡೆಯನ್ನು 3 ಸೆಂಟಿಮೀಟರ್ ಹೋಳುಗಳಾಗಿಯೂ ಕಾಲು ಕಿಲೋ ಹುರುಳಿಕಾಯಿಯನ್ನು ಬೆರಳುದ್ದದ ತುಂಡುಗಳಾಗಿಯೂ ಹೆಚ್ಚಿಕೊಳ್ಳಲಾಗಿದೆ. ಇಂಗ್ಲಿಷ್ ಪಾಕವಿಧಾನವು ಆಲೂಗಡ್ಡೆಯನ್ನು ಪಾರ್‌ಬಾಯಿಲ್ ಮಾಡಲು, ಹುರುಳಿಕಾಯಿಯನ್ನು ಬ್ಲಾಂಚ್ ಮಾಡಲು ಹೇಳುತ್ತದೆ.

ಆಲೂಗಡ್ಡೆಯ ಹೋಳುಗಳನ್ನು ಉಪ್ಪು ಬೆರೆಸಿದ ತಣ್ಣೀರಿನಲ್ಲಿ ಮುಳುಗಿಸಿ ಒಲೆಯ ಮೇಲಿಡಬೇಕು. ಕುದಿ ಬಂದ ಮೇಲೆ ಉರಿ ತಗ್ಗಿಸಿ 6ರಿಂದ 8 ನಿಮಿಷ ಬಿಡಬೇಕು. ಚಾಕುವಿನ ಮೊನೆಯನ್ನು ಚುಚ್ಚಿದಾಗ ಅಂಚಿನಲ್ಲಿ ಸಲೀಸಾಗಿ ಇಳಿದು ನಡುವಿನಲ್ಲಿ ತಡೆದರೆ ಹದ ಬಂದಿತೆಂದು ತಿಳಿಯಬೇಕು. ಆಗ ನೀರನ್ನು ಬಸಿದು ಹೋಳುಗಳನ್ನು ಅಗಲವಾದ ತಟ್ಟೆಯಲ್ಲಿ ಆರಲು ಬಿಡಬೇಕು.

ಹುರುಳಿಕಾಯಿಗೆ ಸುಮಾರು 3 ಲೀಟರ್ ನೀರನ್ನು 2 ದೊಡ್ಡ ಚಮಚ ಉಪ್ಪು ಹಾಕಿ ಬಿರುಸಾಗಿ ಕುದಿಸಬೇಕು. ಇಷ್ಟು ನೀರು ಏಕೆಂದರೆ, ನೀರು ಕಡಿಮೆಯಾದರೆ ತರಕಾರಿ ಬಿದ್ದೊಡನೆ ಕುದಿ ನಿಂತು, ಅದು ಮತ್ತೆ ಬರುವ ತನಕ ತುಂಡುಗಳು ಉಗುರುಬಿಸಿಯಲ್ಲಿ ನೆನೆಯುತ್ತವೆ. 2ರಿಂದ 3 ನಿಮಿಷದಲ್ಲಿ ಒಂದು ತುಂಡನ್ನು ತೆಗೆದು ಕಚ್ಚಿ ನೋಡಬೇಕು. ಹಸಿ ವಾಸನೆ ಹೋಗಿ, ಮುರಿದರೆ ಇನ್ನೂ ಶಬ್ದ ಬರುವಂತಿದ್ದರೆ ಜಾಲರಿ ಸೌಟಿನಿಂದ ಎತ್ತಿ ಮಂಜುಗಡ್ಡೆಯ ನೀರಿಗೆ ಹಾಕಬೇಕು. ಮಂಜುಗಡ್ಡೆ ಇಲ್ಲದಿದ್ದರೆ ತಣ್ಣೀರನ್ನೇ ಎರಡು ಮೂರು ಸಲ ಬದಲಿಸಬಹುದು. ಪೂರ್ತಿ ತಣಿದ ಕೂಡಲೇ ಬಸಿದಿಡಬೇಕು. ನೀರಿನಲ್ಲಿಯೇ ಬಿಟ್ಟರೆ ಸಪ್ಪೆಯಾಗುತ್ತದೆ.

ಬಳಿಕ ಒಗ್ಗರಣೆಯಲ್ಲಿ ಆಲೂಗಡ್ಡೆಯನ್ನು ಹೊಂಬಣ್ಣ ಬರುವ ತನಕ ಹುರಿದು, ಕೊನೆಯ 2 ನಿಮಿಷದಲ್ಲಿ ಹುರುಳಿಕಾಯಿಯನ್ನು ಬೆರೆಸಿದರೆ ಪಲ್ಯ ಸಿದ್ಧ.

ಈಗ ಎರಡು ಕಡೆಯೂ 'ಅರ್ಧ ಬೇಯಿಸಿ' ಎಂದಷ್ಟೇ ಬರೆದಿದೆ ಎಂದುಕೊಳ್ಳೋಣ. ಓದುಗನು ಎರಡನ್ನೂ ಒಂದೇ ಪಾತ್ರೆಯಲ್ಲಿ 8 ನಿಮಿಷ ಬೇಯಿಸಿದರೆ ಹುರುಳಿಕಾಯಿ ಮಾಸಲು ಬಣ್ಣಕ್ಕೆ ತಿರುಗಿ ಬಾಣಲೆಯಲ್ಲಿ ಮೆತ್ತಗಾಗುತ್ತದೆ. ಎರಡನ್ನೂ 3 ನಿಮಿಷಕ್ಕೆ ತೆಗೆದರೆ ಆಲೂಗಡ್ಡೆ ಹೊರಗೆ ಸೀದು ಒಳಗೆ ಹಸಿಯಾಗಿ ಉಳಿಯುತ್ತದೆ.

ನೀಲಗಿರಿಯಂಥ ಎತ್ತರದ ಊರುಗಳಲ್ಲಿ ನಿಮಿಷಗಳ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಸುಮಾರು 2,240 ಮೀಟರ್ ಎತ್ತರದ ಉದಕಮಂಡಲದಲ್ಲಿ ನೀರು 100 ಡಿಗ್ರಿಗೆ ಬದಲಾಗಿ ಸುಮಾರು 92–93 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕುದಿಯುತ್ತದೆ. ಅಲ್ಲಿ ಬ್ಲಾಂಚಿಂಗ್‌ಗೆ ಒಂದು ನಿಮಿಷ ಹೆಚ್ಚು ಬೇಕು. ಆಲೂಗಡ್ಡೆಗೆ ಇನ್ನೂ ಹೆಚ್ಚು. ಚಾಕುವಿನ ಮೊನೆ ಮತ್ತು ಕಚ್ಚಿ ನೋಡುವ ಪರೀಕ್ಷೆ ಮಾತ್ರ ಎಲ್ಲ ಊರುಗಳಿಗೂ ಸಲ್ಲುತ್ತದೆ.

ಅಕ್ಕಿಯಲ್ಲಿ ಬರುವ ಗೊಂದಲ

'ಪಾರ್‌ಬಾಯಿಲ್' ಪದವು ಅಕ್ಕಿಯೊಂದಿಗೆ ಬಂದಾಗ ಎರಡು ಬೇರೆ ಅರ್ಥಗಳನ್ನು ಕೊಡುತ್ತದೆ. ಬಿರಿಯಾನಿಯ ಪಾಕವಿಧಾನದಲ್ಲಿ ಅಕ್ಕಿಯನ್ನು ಪಾರ್‌ಬಾಯಿಲ್ ಮಾಡಿ ಎಂದಿದ್ದರೆ ಅದು ಅಡುಗೆಯವನು ಮಾಡಬೇಕಾದ ಕೆಲಸ: ಅಕ್ಕಿಯನ್ನು ಮುಕ್ಕಾಲು ಪಾಲು ಬೇಯಿಸಿ ಬಸಿದು, ಉಳಿದುದನ್ನು ದಮ್ಮಿನ ಹಬೆಗೆ ಬಿಡಬೇಕು. ಆದರೆ ಸಾಮಗ್ರಿಗಳ ಪಟ್ಟಿಯಲ್ಲಿ 'ಪಾರ್‌ಬಾಯಿಲ್ಡ್ ರೈಸ್' ಎಂದಿದ್ದರೆ ಅದು ಅಂಗಡಿಯಿಂದ ತರುವ ಅಕ್ಕಿಯ ಒಂದು ಬಗೆ. ಕಾಸರಗೋಡಿನ ಮಕ್ಕಳು ಅದನ್ನು ದಿನವೂ ಉಣ್ಣುತ್ತಾರೆ; ಅದು ಕುಚ್ಚಲಕ್ಕಿ. ಮಲಯಾಳದಲ್ಲಿ ಪುಳುಕ್ಕಲರಿ, ತಮಿಳಿನಲ್ಲಿ ಪುಳುಂಗಲ್ ಅರಿಸಿ ಎನ್ನುವುದೂ ಇದನ್ನೇ.

ಕುಚ್ಚಲಕ್ಕಿಯನ್ನು 'ಅರೆಬೆಂದ ಅಕ್ಕಿ' ಎಂದು ಅನುವಾದಿಸಿದರೆ ಓದುಗನು ಅದು ಬೇಗ ಬೇಯುತ್ತದೆಂದು ತಿಳಿಯುತ್ತಾನೆ. ವಾಸ್ತವವು ಇದಕ್ಕೆ ವಿರುದ್ಧ. ಬತ್ತವನ್ನು ಸಿಪ್ಪೆಸಹಿತ ನೆನೆಸಿ, ಬೇಯಿಸಿ, ಒಣಗಿಸಿದ ಬಳಿಕ ಗಿರಣಿಗೆ ಹಾಕಲಾಗುತ್ತದೆ. ಬೆಂದು ಒಣಗಿದ ಕಾಳು ಗಟ್ಟಿಯಾಗುವುದರಿಂದ ಕುಚ್ಚಲಕ್ಕಿಯ ಅನ್ನಕ್ಕೆ ಬೆಳ್ತಿಗೆಗಿಂತ ಹೆಚ್ಚು ಹೊತ್ತು ಹಿಡಿಯುತ್ತದೆ.

ಕನ್ನಡದಲ್ಲಿ ಬರೆಯುವ ಬಗೆ

ಪಾರ್‌ಬಾಯಿಲ್ ಎಂಬುದಕ್ಕೆ 'ಅರೆಬೇಯಿಸು' ಎಂಬ ಪದವು ಸಾಕಾಗುತ್ತದೆ. ಎಷ್ಟು ಬೇಯಬೇಕೆಂಬುದನ್ನು 'ಮುಕ್ಕಾಲು ಪಾಲು' ಎಂದು ಸೇರಿಸಿ ಹೇಳಬಹುದು. ಬ್ಲಾಂಚ್ ಎಂಬುದಕ್ಕೆ ಕನ್ನಡದಲ್ಲಿ ರೂಢಿಯಾದ ಒಂದೇ ಪದವಿಲ್ಲದಿರುವುದರಿಂದ 'ಕುದಿನೀರಿನಲ್ಲಿ ಅದ್ದಿ ತಣಿಸು' ಎಂದು ಎರಡು ಹೆಜ್ಜೆಗಳನ್ನೂ ಹೇಳುವುದು ಲೇಸು. ಇಂಗ್ಲಿಷ್ ಪುಸ್ತಕಗಳಲ್ಲಿಯೂ ಈ ಪದಗಳು ಕೆಲವೊಮ್ಮೆ ಸಡಿಲವಾಗಿ ಬಳಕೆಯಾಗುತ್ತವೆ. ಆಲೂಗಡ್ಡೆಯ ಚಿಪ್ಸಿಗೆ ಮೊದಲ ಸಲ ಮಂದ ಎಣ್ಣೆಯಲ್ಲಿ ಬೇಯಿಸುವುದನ್ನೂ ಬ್ಲಾಂಚಿಂಗ್ ಎನ್ನುವವರಿದ್ದಾರೆ. ಅಂಥಲ್ಲಿ ಮುಂದಿನ ಹೆಜ್ಜೆ ಯಾವುದು ಎಂಬುದನ್ನು ನೋಡಿ ಅರ್ಥವನ್ನು ನಿರ್ಧರಿಸಬೇಕು.

ತರಗತಿಯ ಚಟುವಟಿಕೆ

ಕೆಳಗಿನ ಮೂರು ಸಂದರ್ಭಗಳಲ್ಲಿ ಯಾವ ಕ್ರಿಯೆ ಹೊಂದುತ್ತದೆ ಎಂಬುದನ್ನು ವಿದ್ಯಾರ್ಥಿಗಳು ಕಾರಣಸಹಿತ ಬರೆಯಲಿ.

1. ಸಾರಿಗಾಗಿ ಟೊಮೇಟೊ ಹಣ್ಣಿನ ಸಿಪ್ಪೆಯನ್ನು, ಹಣ್ಣು ಮೆತ್ತಗಾಗದಂತೆ ಸುಲಿಯಬೇಕಾಗಿದೆ.
2. ಸುವರ್ಣಗೆಡ್ಡೆಯ ದಪ್ಪ ಹೋಳುಗಳನ್ನು ಮಸಾಲೆ ಹಚ್ಚಿ ಕಾವಲಿಯ ಮೇಲೆ ಹುರಿಯಬೇಕಾಗಿದೆ.
3. ಹಸಿ ಬಟಾಣಿಯನ್ನು ಶೀತಕದಲ್ಲಿ ಕೂಡಿಡಬೇಕಾಗಿದೆ.

ಉತ್ತರ: ಮೊದಲನೆಯದು ಮತ್ತು ಮೂರನೆಯದು ಬ್ಲಾಂಚಿಂಗ್, ಒಂದರಲ್ಲಿ ಸಿಪ್ಪೆ ಸಡಿಲವಾಗಬೇಕು, ಇನ್ನೊಂದರಲ್ಲಿ ಕಿಣ್ವಗಳು ನಿಲ್ಲಬೇಕು, ಎರಡರಲ್ಲಿಯೂ ಒಳಭಾಗ ಬೇಯಬಾರದು. ಎರಡನೆಯದು ಪಾರ್‌ಬಾಯಿಲಿಂಗ್, ಕಾವಲಿಯ ಬಿಸಿ ಗೆಡ್ಡೆಯ ನಡುಭಾಗವನ್ನು ತಾನೊಂದೇ ಬೇಯಿಸಲಾರದು.