ಹಲವರ ಬರಹ, ಒಂದೇ ದನಿ

ಐದಾರು ಮಂದಿ ಬರೆಯುವ ಆರೋಗ್ಯ ಪತ್ರಿಕೆಯೊಂದನ್ನು ಊಹಿಸಿಕೊಳ್ಳಿ. ಒಬ್ಬರು ‘ಡಾಕ್ಟರನ್ನು ಕಾಣಿ’ ಎಂದರೆ, ಇನ್ನೊಬ್ಬರು ‘ವೈದ್ಯರನ್ನು ಸಂಪರ್ಕಿಸತಕ್ಕದ್ದು’ ಎನ್ನುತ್ತಾರೆ. ಇದಕ್ಕೆ ದಪ್ಪ ನಿಯಮಪುಸ್ತಕ ಬೇಕಿಲ್ಲ. ಹಳೆಯ ಹತ್ತು ಲೇಖನಗಳನ್ನು ಒಟ್ಟಿಗೆ ಓದಿ, ಬರಹಗಾರರು ಬೇರೆ ಬೇರೆ ದಾರಿ ಹಿಡಿದ ಕಡೆಯೆಲ್ಲ ಗುರುತು ಹಾಕಿ: ಡಾಕ್ಟರೋ ವೈದ್ಯರೋ, ‘10’ ಎಂದೋ ‘ಹತ್ತು’ ಎಂದೋ, ಓದುಗರಿಗೆ ನೀನೋ ನೀವೋ. ಒಂದೊಂದಕ್ಕೂ ಒಂದೇ ತೀರ್ಮಾನ ಮಾಡಿ, ಅಕಾರಾದಿಯಾಗಿ ಎರಡು ಪುಟದಲ್ಲಿ ಬರೆದಿಡಿ.

ದನಿಯ ವಿಷಯದಲ್ಲಿ ‘ಸರಳವಾಗಿ ಬರೆಯಿರಿ’ ಎಂದರೆ ಯಾರಿಗೂ ಏನೂ ತಿಳಿಯದು. ಜೋಡಿ ವಾಕ್ಯ ಕೊಡಿ: ‘ಭೋಜನಾನಂತರ ಔಷಧ ಸೇವಿಸತಕ್ಕದ್ದು’ ಬೇಡ, ‘ಊಟವಾದ ಮೇಲೆ ಮಾತ್ರೆ ನುಂಗಿ’ ಇರಲಿ. ಸಂದರ್ಶನದಲ್ಲಿ ರೋಗಿ ಆಡಿದ ಮಾತಿಗೆ ಮಾತ್ರ ಈ ನಿಯಮ ಬೇಡ. ಅದು ಅವರದೇ ದನಿ. ಒಂದೇ ತಿದ್ದುಪಡಿ ಮೂರನೇ ಸಲ ಬಂತೆಂದರೆ ಅದನ್ನು ಪಟ್ಟಿಗೆ ಸೇರಿಸಿ.