ಕುಳಿತ ಕುರ್ಚಿಯಿಂದಲೇ ಕೋಲಾಟದ ಫೋಟೋ

ವಾರ್ಷಿಕೋತ್ಸವದ ವೇದಿಕೆಗೆ ಪುಟಾಣಿಗಳು ಬರುತ್ತಿದ್ದಂತೆ ಮುಂದಿನ ಸಾಲಿನವರು ಎದ್ದು ನಿಲ್ಲುತ್ತಾರೆ, ಅವರ ಹಿಂದಿನವರು ಫೋನನ್ನು ತಲೆಯ ಮೇಲಕ್ಕೆ ಎತ್ತುತ್ತಾರೆ. ಹಿಂದೆ ಕುಳಿತ ಅಜ್ಜ ಅಜ್ಜಿಯರಿಗೆ ಮೊಮ್ಮಗುವಿನ ಬದಲು ಹತ್ತಾರು ಬೆಳಗುವ ಪರದೆಗಳು ಕಾಣುತ್ತವೆ. ಇಷ್ಟಾದರೂ ಎದ್ದವರಿಗೆ ಒಳ್ಳೆಯ ಚಿತ್ರ ಸಿಗುವುದು ಕಡಿಮೆ, ಏಕೆಂದರೆ ಎತ್ತಿದ ಕೈ ಅಲುಗುತ್ತಲೇ ಇರುತ್ತದೆ. ಕುಳಿತು ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು, ಫೋನನ್ನು ಗಲ್ಲದ ಮಟ್ಟದಲ್ಲಿ ಅಡ್ಡಲಾಗಿ ಹಿಡಿದವರ ಕೈಯೇ ಹೆಚ್ಚು ಸ್ಥಿರ. ಪರದೆಯ ಬೆಳಕನ್ನು ಆದಷ್ಟೂ ಇಳಿಸಿಕೊಂಡರೆ ಹಿಂದಿನವರ ಕಣ್ಣಿಗೂ ಚುಚ್ಚುವುದಿಲ್ಲ.

ಮಕ್ಕಳು ವೃತ್ತದಲ್ಲಿ ಸುತ್ತುವ ಕೋಲಾಟವನ್ನೇ ತೆಗೆದುಕೊಳ್ಳೋಣ. ಇಲ್ಲಿ ಕೆಲಸ ಹಿಂದಿನ ದಿನವೇ ಶುರುವಾಗಬೇಕು. "ನೀನು ಯಾವ ಕಡೆ ನಿಲ್ತೀಯಾ ಪುಟ್ಟಾ?" ಎಂದು ಕೇಳಿದರೆ ಮಗು ಬಲಗಡೆ ಎನ್ನಬಹುದು. ಅದು ಅವಳ ಬಲ, ನಮಗೆ ಎಡ. ಆ ಬದಿಯಲ್ಲಿ ನಡುದಾರಿಯ ಪಕ್ಕದ ಕುರ್ಚಿ ಹಿಡಿದರೆ ಎದುರಿಗೆ ತಲೆಗಳು ಕಡಿಮೆ. ತೀರಾ ಮುಂದಿನ ಸಾಲಿಗೆ ಆಸೆಪಡಬೇಕಿಲ್ಲ. ಎತ್ತರದ ಸ್ಟೇಜಾದರೆ ಅಲ್ಲಿಂದ ಹಿಂದಿನ ಮಕ್ಕಳ ಕಾಲುಗಳು ಮರೆಯಾಗುತ್ತವೆ.

ಹತ್ತು ಮೀಟರ್ ದೂರದ ಕುರ್ಚಿಯಿಂದ ಫೋನಿನ ಸಾಮಾನ್ಯ ಲೆನ್ಸ್‌ನಲ್ಲಿ ನಾಲ್ಕಡಿ ಎತ್ತರದ ಮಗು ಚಿತ್ರದ ಎತ್ತರದ ಎಂಟನೇ ಒಂದು ಭಾಗದಷ್ಟೇ ಕಾಣುತ್ತದೆ. ಫೋನಿಗೆ ಮೂರು ಪಟ್ಟು ಹಿಗ್ಗಿಸುವ ಪ್ರತ್ಯೇಕ ಲೆನ್ಸ್ ಇದ್ದರೆ ಮೂರನೇ ಒಂದು ಭಾಗಕ್ಕಿಂತ ತುಸು ದೊಡ್ಡದಾಗುತ್ತದೆ. ಅದಕ್ಕೂ ಮೀರಿ ಹಿಗ್ಗಿಸಿದರೆ ಫೋನು ಚಿತ್ರದ ನಡುಭಾಗವನ್ನು ಕತ್ತರಿಸಿ ದೊಡ್ಡದು ಮಾಡುತ್ತದೆಯೇ ಹೊರತು ಹೊಸ ವಿವರ ಸೇರುವುದಿಲ್ಲ. ಬೆಳಕು ಸಾಲದಾದಾಗ ಕೆಲವು ಫೋನುಗಳು ಆ ಲೆನ್ಸನ್ನು ಸದ್ದಿಲ್ಲದೆ ಬಿಟ್ಟು ಸಾಮಾನ್ಯ ಲೆನ್ಸಿನ ಚಿತ್ರವನ್ನೇ ಕತ್ತರಿಸಿ ಕೊಡುತ್ತವೆ. ಇದನ್ನು ಪತ್ತೆ ಮಾಡುವುದು ಸುಲಭ: ಆ ಲೆನ್ಸಿನ ಮೇಲೆ ಬೆರಳಿಡಿ, ಪರದೆ ಕಪ್ಪಾಗದಿದ್ದರೆ ಅದು ಕೆಲಸ ಮಾಡುತ್ತಿಲ್ಲ.

ಫ್ಲ್ಯಾಶ್ ಆರಿಸಿಬಿಡಿ. ಫೋನಿನ ಪುಟ್ಟ ದೀಪದ ಬೆಳಕು ಎರಡು ಮೂರು ಮೀಟರ್ ದಾಟಿದರೆ ಹೆಚ್ಚು, ಅದು ಬೆಳಗುವುದು ಮುಂದಿನವರ ತಲೆಗೂದಲನ್ನು.

ಇನ್ನು ಫೋಕಸ್. ಕಪ್ಪು ಪರದೆಯ ಮುಂದೆ ಮಕ್ಕಳು ಓಡಾಡುವಾಗ, ನಡುವೆ ಯಾರದೋ ತಲೆ ಹಾದು ಹೋದಾಗ, ಹೊಗೆಯಂತ್ರ ಹೊಗೆ ಉಗುಳಿದಾಗ ಫೋನು ಯಾವುದನ್ನು ಹಿಡಿಯಬೇಕೆಂದು ತಡಕಾಡುತ್ತದೆ. ಜೊತೆಗೆ ಸುತ್ತಲಿನ ಕತ್ತಲೆಯನ್ನು ಲೆಕ್ಕಕ್ಕೆ ಹಿಡಿದು ಬೆಳಕನ್ನು ಏರಿಸಿ, ಮುಖಗಳನ್ನು ಬರೀ ಬಿಳಿ ಮಾಡುತ್ತದೆ. ಹಾಗಾಗಿ ಹಾಡಿನ ಆರಂಭದ ಸಂಗೀತಕ್ಕೆ ಮಕ್ಕಳು ಹೆಜ್ಜೆ ಹಾಕುತ್ತಾ ಬರುವಾಗಲೇ ಮೊದಲು ಬೇಕಾದಷ್ಟು ಹಿಗ್ಗಿಸಿಕೊಳ್ಳಿ, ಆಮೇಲೆ ವೃತ್ತದ ಮುಂಭಾಗದಲ್ಲಿರುವ ಮಗುವಿನ ಮುಖದ ಮೇಲೆ ಬೆರಳನ್ನು ಒತ್ತಿ ಹಿಡಿಯಿರಿ. ಐಫೋನಿನಲ್ಲಿ AE/AF LOCK ಎಂದು ಬರುತ್ತದೆ, ಹಲವು ಆಂಡ್ರಾಯ್ಡ್ ಫೋನುಗಳಲ್ಲಿ ಬೀಗದ ಚಿಹ್ನೆ ಕಾಣುತ್ತದೆ. ಈ ಕ್ರಮ ತಿರುವುಮುರುವಾದರೆ ಲೆನ್ಸ್ ಬದಲಾದಾಗ ಲಾಕ್ ಬಿಟ್ಟುಹೋಗಬಹುದು. ಪಕ್ಕದಲ್ಲಿ ಕಾಣುವ ಸೂರ್ಯನ ಗುರುತನ್ನು, ಕೆನ್ನೆಯ ಬಣ್ಣ ಮರಳಿ ಕಾಣುವವರೆಗೆ ಕೆಳಗೆ ಜಾರಿಸಿ. ಈ ದೂರದಲ್ಲಿ ಮಕ್ಕಳು ಒಂದೆರಡು ಹೆಜ್ಜೆ ಹಿಂದೆ ಮುಂದೆ ಸರಿದರೂ ಫೋಕಸ್ ಕೆಡುವುದಿಲ್ಲ.

ಈಗ ಮಗುವನ್ನು ಫೋನಿನಿಂದ ಬೆನ್ನಟ್ಟಬೇಡಿ. ವೃತ್ತ ಸುತ್ತುತ್ತಾ ಅವಳೇ ಆ ಜಾಗಕ್ಕೆ ಬರುತ್ತಾಳೆ, ಪ್ರತಿ ಸುತ್ತಿಗೂ ಬರುತ್ತಾಳೆ. ಕಾಯುವವರಿಗೆ ಹಾಡೇ ಸಹಾಯಕ್ಕಿದೆ. ಬೀಸುವ ಕೈ ಸೆಕೆಂಡಿಗೆ ಮೂರು ಮೀಟರ್ ವೇಗದಲ್ಲಿದ್ದರೆ, ಸೆಕೆಂಡಿನ 30ನೇ ಒಂದು ಭಾಗದಲ್ಲಿ ಹತ್ತು ಸೆಂಟಿಮೀಟರ್ ಸರಿದಿರುತ್ತದೆ. ಮಂದ ಬೆಳಕಿನಲ್ಲಿ ಫೋನು ತಾನಾಗಿ ಆರಿಸಿಕೊಳ್ಳುವುದು ಬಹುಮಟ್ಟಿಗೆ ಇಂಥ ನಿಧಾನದ ಶಟರನ್ನೇ, ಆದ್ದರಿಂದ ಕೈ ಇದ್ದಲ್ಲಿ ಬರೀ ಮಸುಕು ಮೂಡುತ್ತದೆ. ನೈಟ್ ಮೋಡ್ ಹಲವು ಚಿತ್ರಗಳನ್ನು ಒಂದರ ಮೇಲೊಂದು ಸೇರಿಸುವುದರಿಂದ ಇನ್ನೂ ಕೆಡುತ್ತದೆ. Pro ಮೋಡ್ ಇದ್ದರೆ ಶಟರ್ 1/250, ಐಎಸ್‌ಒ 800ರಿಂದ 1600 ಇಟ್ಟುಕೊಳ್ಳಬಹುದು. ಚಿತ್ರ ಸ್ವಲ್ಪ ಕಾಳುಕಾಳಾಗುತ್ತದೆ, ಆದರೆ ಮುಖ ಸ್ಪಷ್ಟವಾಗಿರುತ್ತದೆ. ಆ ಅನುಕೂಲವಿಲ್ಲದವರು ಕೋಲಿಗೆ ಕೋಲು ತಾಗುವ ಗಳಿಗೆಯನ್ನೇ ನಂಬಬೇಕು: ಆಗ ಎರಡೂ ಕೈ ಅರೆಕ್ಷಣ ನಿಂತಿರುತ್ತವೆ. ಸದ್ದು ಕೇಳಿದ ಮೇಲೆ ಒತ್ತಿದರೆ ತಡವಾಗುತ್ತದೆ. ತಾಳವನ್ನು ಮನಸ್ಸಿನಲ್ಲೇ ಎಣಿಸುತ್ತಾ ಬೆರಳನ್ನು ಕೂದಲೆಳೆಯಷ್ಟು ಮುಂಚೆ ಇಳಿಸಿ, ಒಂದರ ಬೆನ್ನಿಗೆ ಒಂದರಂತೆ ನಾಲ್ಕೈದು ತೆಗೆಯಿರಿ.

ಕೆಂಪು ಅಥವಾ ನೀಲಿ ದೀಪ ಮಾತ್ರ ಉರಿಯುವಾಗ ಮುಖದ ವಿವರ ಉಳಿಯುವುದಿಲ್ಲ, ಆ ಹೊತ್ತು ಫೋನನ್ನು ಮಡಿಲಲ್ಲಿಟ್ಟು ನೃತ್ಯ ನೋಡಿ. ಹಾಡು ಮುಗಿದು ಮಕ್ಕಳು ಸಾಲಾಗಿ ನಿಂತು ಕೈ ಮುಗಿಯುವಾಗ ಹೆಚ್ಚಿನ ಶಾಲೆಗಳಲ್ಲಿ ದೀಪಗಳೆಲ್ಲ ಉರಿಯುತ್ತವೆ, ಯಾರೂ ಅಲುಗಾಡುವುದಿಲ್ಲ. ಬೆಳಕು ಬದಲಾಗಿರುತ್ತದೆ, ಆದ್ದರಿಂದ ಹಳೆಯ ಲಾಕ್ ಬಿಡಿಸಿ, ಇಡೀ ತಂಡ ಹಿಡಿಸುವಷ್ಟು ಚಿತ್ರವನ್ನು ಅಗಲಿಸಿ, ಆಮೇಲೆ ಮುಖದ ಮೇಲೆ ಮತ್ತೊಮ್ಮೆ ಒತ್ತಿ. ಗೆಳತಿಯರ ಮನೆಯವರೂ ಕೇಳಿ ಪಡೆಯುವ ಚಿತ್ರ ಇದೇ.